ಪಾರ್ಟ್ ಪೇಮೆಂಟ್ ಕಟ್ಟಿ ಬಂದಿರಾ? ಇಳಿಸಿದ್ದು ಕಂತನ್ನೋ, ವರ್ಷವನ್ನೋ?

ನಮ್ಮ ಜಿಲ್ಲೆಯಲ್ಲಿ ಮನೆ ಸಾಲ ಇರುವವರ ಕೈಗೆ ದುಡ್ಡು ತಿಂಗಳು ತಿಂಗಳು ಸಮವಾಗಿ ಬರುವುದು ಕಡಿಮೆ. ವಿಜಯಪುರದ ಮಾರುಕಟ್ಟೆಯಲ್ಲಿ ಗೂಡಿಗೆ ಒಳ್ಳೆ ರೇಟು ಸಿಕ್ಕಿದ ತಿಂಗಳು ಬರುತ್ತೆ. ದೇವನಹಳ್ಳಿ ಕಡೆ ದ್ರಾಕ್ಷಿ ತೋಟ ಮಾರಾಟವಾದಾಗ ಬರುತ್ತೆ. ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಫ್ಯಾಕ್ಟರಿಗಳಲ್ಲಿ ಹಬ್ಬಕ್ಕೆ ಬೋನಸ್ ಕೊಟ್ಟಾಗ ಬರುತ್ತೆ. ಚೀಟಿ ಎತ್ತಿದಾಗ, ಕೆಐಎಡಿಬಿ ಪರಿಹಾರದಲ್ಲಿ ಅಣ್ಣತಮ್ಮಂದಿರ ಪಾಲು ಹಂಚಿಕೆಯಾದಾಗ ಬರುತ್ತೆ. ಹಾಗೆ ಬಂದ ದುಡ್ಡಿನಲ್ಲಿ ಒಂದೆರಡು ಲಕ್ಷವನ್ನು ಖರ್ಚು ಮಾಡದೆ, ಮನೆ ಸಾಲಕ್ಕೆ ಕಟ್ಟಿ ಭಾರ ಇಳಿಸಿಕೊಳ್ಳೋಣ ಎಂದು ಬ್ಯಾಂಕಿಗೋ ಫೈನಾನ್ಸ್ ಆಫೀಸಿಗೋ ಹೋಗುವವರು ಬುದ್ಧಿವಂತರೇ. ಇದಕ್ಕೆ ಎಲ್ಲರೂ ಬಳಸುವ ಮಾತು ಪಾರ್ಟ್ ಪೇಮೆಂಟ್.

ನನ್ನ ತಕರಾರು ಇರುವುದು ಅವರು ಅಲ್ಲಿಂದ ವಾಪಸ್ ಬರುವಾಗ ಹೇಳುವ ಮಾತಿನ ಬಗ್ಗೆ. "ಕಂತು ಎರಡು ಸಾವಿರ ಕಮ್ಮಿ ಆಯ್ತು." ಖುಷಿಯಾಗಿಯೇ ಹೇಳುತ್ತಾರೆ. ಕಂತು ಕಮ್ಮಿ ಮಾಡಿ ಎಂದು ನೀವು ಕೇಳಿದ್ರಾ ಅಂದರೆ, ಇಲ್ಲ, ಅವರೇ ಮಾಡಿಕೊಟ್ಟರು ಅನ್ನುತ್ತಾರೆ. ವರ್ಷ ಎಷ್ಟು ಉಳಿದಿದೆ ಅಂದರೆ ಗೊತ್ತಿರುವುದಿಲ್ಲ. ವರ್ಷ ಒಂದು ದಿನವೂ ಇಳಿದಿರುವುದಿಲ್ಲ.

ಪಾರ್ಟ್ ಪೇಮೆಂಟ್ ಕಟ್ಟಿದ ಮೇಲೆ ಎರಡು ದಾರಿಗಳಿವೆ. ತಿಂಗಳ ಕಂತು ಮೊದಲಿನಷ್ಟೇ ಇಟ್ಟುಕೊಂಡು ವರ್ಷ ಕಮ್ಮಿ ಮಾಡಿಸಬಹುದು. ಅಥವಾ ವರ್ಷ ಮೊದಲಿನಷ್ಟೇ ಇಟ್ಟುಕೊಂಡು ಕಂತು ಕಮ್ಮಿ ಮಾಡಿಸಬಹುದು. ಈ ಎರಡರಲ್ಲಿ ಯಾವುದು ಎಂದು ತೀರ್ಮಾನಿಸಬೇಕಾದವರು ಸಾಲ ತೀರಿಸುವವರು. ಕೌಂಟರಿನ ಆಚೆ ಕೂತವರು ಕೇಳದೆಯೇ ತೀರ್ಮಾನಿಸುತ್ತಿದ್ದಾರೆ, ನಾವು ಕೇಳದೆಯೇ ಒಪ್ಪುತ್ತಿದ್ದೇವೆ. ಒಂದು ಸಾಮಾನ್ಯ ಮನೆ ಸಾಲದಲ್ಲಿ ಈ ಒಂದು ಮಾತಿನ ಬೆಲೆ ಮೂರೂಮುಕ್ಕಾಲು ಲಕ್ಷ ದಾಟುತ್ತೆ. ಹೇಗೆ ಅಂತ ನಿಧಾನವಾಗಿ ನೋಡೋಣ.

ನೆಲಮಂಗಲ ಕಡೆಯ ಒಬ್ಬ ಅಣ್ಣನ ಲೆಕ್ಕವನ್ನೇ ತಗೊಳ್ಳುತ್ತೇನೆ. ಹೆಸರು ಬೇಡ ಅಂದಿದ್ದಾರೆ, ಆಫೀಸಿನ ಹೆಸರೂ ಬೇಡ. ಫ್ಯಾಕ್ಟರಿ ಕೆಲಸ. 38ನೇ ವಯಸ್ಸಿನಲ್ಲಿ 20 ಲಕ್ಷ ಸಾಲ ಮಾಡಿ ಮನೆ ಕಟ್ಟಿದರು. 20 ವರ್ಷದ ಅವಧಿ, ಶೇಕಡಾ 9 ಬಡ್ಡಿ. ಬಡ್ಡಿ ನಡುವೆ ಏರಿಳಿಯುತ್ತೆ ನಿಜ, ಲೆಕ್ಕ ಸುಲಭವಾಗಲಿ ಎಂದು ಕೊನೆಯವರೆಗೂ 9 ಎಂದೇ ಹಿಡಿದಿದ್ದೇನೆ. ತಿಂಗಳ ಕಂತು 17,995 ರೂಪಾಯಿ.

ಮೊದಲ ತಿಂಗಳು ಈ 17,995ರಲ್ಲಿ ಬಡ್ಡಿಗೆ ಹೋಗಿದ್ದು 15,000. ಅಸಲಿಗೆ ಸೇರಿದ್ದು 2,995. ಬ್ಯಾಂಕು ಮೋಸ ಮಾಡಿತು ಅಂತ ಇದರ ಅರ್ಥವಲ್ಲ. 20 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 9 ಅಂದರೆ 1,80,000, ತಿಂಗಳಿಗೆ 15,000 ಬಡ್ಡಿ. ಆ ಬಡ್ಡಿಯನ್ನು ಮೊದಲು ಮುರಿದುಕೊಂಡು ಉಳಿದದ್ದನ್ನು ಅಸಲಿಗೆ ಹಾಕುತ್ತಾರೆ. ಅಸಲು ಇಳಿದಂತೆ ಬಡ್ಡಿ ಇಳಿಯುತ್ತೆ, ಬಡ್ಡಿ ಇಳಿದಂತೆ ಅದೇ ಕಂತಿನಲ್ಲಿ ಅಸಲಿಗೆ ಹೋಗುವ ಪಾಲು ಹೆಚ್ಚುತ್ತೆ. ಆದರೆ ಮೊದಲ ವರ್ಷಗಳಲ್ಲಿ ಇದು ಆಮೆ ನಡಿಗೆ. ಆ ಅಣ್ಣ ಮೂರು ವರ್ಷ ಒಂದು ಕಂತೂ ತಪ್ಪಿಸದೆ ಸುಮಾರು 6 ಲಕ್ಷ 48 ಸಾವಿರ ಕಟ್ಟಿದ್ದರು. ಅಸಲು ಇಳಿದಿದ್ದು 1 ಲಕ್ಷ 23 ಸಾವಿರ. ಮೂರು ವರ್ಷದ ಕೊನೆಗೂ ಬಾಕಿ 18 ಲಕ್ಷ 77 ಸಾವಿರ ಇತ್ತು, ಇನ್ನೂ 204 ಕಂತು ಉಳಿದಿತ್ತು.

ಆಗ ಚೀಟಿ ದುಡ್ಡು 2 ಲಕ್ಷ ಕೈಗೆ ಬಂತು. ಕಟ್ಟಿಬಿಟ್ಟರು. ಬಾಕಿ 16 ಲಕ್ಷ 77 ಸಾವಿರಕ್ಕೆ ಇಳಿಯಿತು. ಇಲ್ಲಿಂದ ಎರಡು ದಾರಿ ಬೇರೆಯಾಗುತ್ತೆ.

ಕಂತು ಹಳೆಯ 17,995 ಆಗಿಯೇ ಉಳಿದರೆ, ಮುಂದಿನ ತಿಂಗಳ ಬಡ್ಡಿ 12,576, ಅಸಲಿಗೆ ಸೇರುವುದು 5,419. ಪಾರ್ಟ್ ಪೇಮೆಂಟ್ ಕಟ್ಟದೇ ಇದ್ದಿದ್ದರೆ ಆ ತಿಂಗಳು ಅಸಲಿಗೆ ಸೇರುತ್ತಿದ್ದುದು 3,919 ಮಾತ್ರ. ಅಂದರೆ ಒಂದೇ ಏಟಿಗೆ ತಿಂಗಳಿಗೆ 1,500 ಹೆಚ್ಚಾಗಿ ಅಸಲು ಕರಗಲು ಶುರುವಾಗುತ್ತೆ, ತಿಂಗಳು ತಿಂಗಳು ಅದು ಇನ್ನೂ ಬೆಳೆಯುತ್ತೆ. ಹೀಗೆ ಹೋದರೆ ಉಳಿದ 204 ಕಂತುಗಳ ಬದಲು 161ರಲ್ಲಿ ಸಾಲ ತೀರುತ್ತೆ. 43 ಕಂತು ಮಾಯ. ಉಳಿಯುವ ಬಡ್ಡಿ ಸುಮಾರು 5 ಲಕ್ಷ 80 ಸಾವಿರ. ಕಟ್ಟಿದ 2 ಲಕ್ಷವನ್ನು ಕಳೆದು ಹೇಳುತ್ತಿರುವ ಲೆಕ್ಕ ಇದು.

ವರ್ಷ ಹಾಗೇ ಇಟ್ಟು ಕಂತು ಇಳಿಸಿದರೆ, ಹೊಸ ಕಂತು 16,077. ತಿಂಗಳಿಗೆ 1,918 ಉಳಿತಾಯ ಕಾಣುತ್ತೆ. ಬಡ್ಡಿ ಇಲ್ಲೂ ಅದೇ 12,576. ಆದರೆ ಅಸಲಿಗೆ ಸೇರುವುದು 3,501. ಈ ಅಂಕಿಯನ್ನು ಇನ್ನೊಂದು ಸಲ ನೋಡಿ. 2 ಲಕ್ಷ ಕಟ್ಟುವುದಕ್ಕೆ ಮುಂಚೆ ಅಸಲಿಗೆ 3,919 ಹೋಗುತ್ತಿತ್ತು, ಕಟ್ಟಿದ ಮೇಲೆ ಅದಕ್ಕಿಂತಲೂ ಕಡಿಮೆ ಹೋಗುತ್ತಿದೆ! ಸಾಲ ಕರಗುವ ವೇಗ ನಿಧಾನವಾಯಿತು. 204 ಕಂತೂ ಕಟ್ಟಲೇಬೇಕು. ಕೊನೆಗೆ ಉಳಿಯುವ ಬಡ್ಡಿ ಸುಮಾರು 1 ಲಕ್ಷ 91 ಸಾವಿರ.

ಕಟ್ಟಿದ್ದು ಅದೇ 2 ಲಕ್ಷ, ಅದೇ ದಿನ, ಅದೇ ಆಫೀಸಿನಲ್ಲಿ. ಉಳಿದ ಬಡ್ಡಿಯಲ್ಲಿ ವ್ಯತ್ಯಾಸ 3 ಲಕ್ಷ 89 ಸಾವಿರ. ವಯಸ್ಸಿನ ಲೆಕ್ಕವೂ ಇದೆ. ಮೊದಲ ದಾರಿಯಲ್ಲಿ ಆ ಅಣ್ಣನ ಸಾಲ ತೀರುವಾಗ ಅವರಿಗೆ 54 ದಾಟಿರುತ್ತೆ. ಎರಡನೆಯದರಲ್ಲಿ 58. ಅವರ ಫ್ಯಾಕ್ಟರಿಯಲ್ಲಿ 58ಕ್ಕೆ ನಿವೃತ್ತಿ. ಮಗಳ ಮದುವೆಯೋ ಮಗನ ಓದೋ ಎಂದು ಹೊಸ ಖರ್ಚು ಬರುವ ಆ ಮೂರೂವರೆ ವರ್ಷ ಮನೆ ಸಾಲ ಇರುತ್ತೋ ಇರುವುದಿಲ್ಲವೋ ಎಂಬುದು ಕೌಂಟರಿನಲ್ಲಿ ಐದು ನಿಮಿಷದಲ್ಲಿ, ಅವರನ್ನು ಕೇಳದೆ, ತೀರ್ಮಾನವಾಗಿತ್ತು.

ಇಲ್ಲಿ ಒಂದು ನ್ಯಾಯದ ಮಾತು ಹೇಳಲೇಬೇಕು. ಮೊಬೈಲಿನಲ್ಲಿ ಬರುವ ವಿಡಿಯೋಗಳಲ್ಲಿ ಕಂತು ಇಳಿಸಿದರೆ ಮುಳುಗಿಹೋದಿರಿ ಎಂದು ಕೂಗುತ್ತಾರಲ್ಲ, ಅದು ಪೂರ್ತಿ ಸರಿಯಲ್ಲ. ಕಂತು ಇಳಿಸಿದಾಗ ತಿಂಗಳಿಗೆ 1,918 ನಿಮ್ಮ ಕೈಯಲ್ಲೇ ಉಳಿಯುತ್ತೆ, ಯಾರೂ ಕಿತ್ತುಕೊಳ್ಳುವುದಿಲ್ಲ. ಅದನ್ನು ಶೇಕಡಾ 9 ಬಡ್ಡಿ ಸಿಗುವ ಕಡೆ ತಪ್ಪದೆ ಕೂಡಿಟ್ಟರೆ ಎರಡು ದಾರಿಯೂ ಒಂದೇ ಕಡೆ ಸೇರುತ್ತೆ. ಬ್ಯಾಂಕಿನವರ ವಾದವೂ ಇದೇ. ಕಾಗದದ ಮೇಲೆ ಸರಿ. ಆದರೆ ಆ 1,918 ನಮ್ಮ ಮನೆಗಳಲ್ಲಿ ಎಲ್ಲಿಗೆ ಹೋಗುತ್ತೆ? ಗ್ಯಾಸ್ ಸಿಲಿಂಡರಿಗೆ, ಮೊಬೈಲ್ ರೀಚಾರ್ಜಿಗೆ, ಊರ ಹಬ್ಬಕ್ಕೆ ಬಂದ ನೆಂಟರ ಊಟಕ್ಕೆ. ತಪ್ಪು ಅಂತ ಹೇಳುತ್ತಿಲ್ಲ. ಅದು ಉಳಿತಾಯವಾಗಿ ಎಲ್ಲೂ ಕೂತಿರುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಕಂತು ಇಳಿಸುವುದೇ ಸರಿಯಾದ ದಾರಿ ಎನ್ನುವ ಮನೆಗಳೂ ಇವೆ. ದೊಡ್ಡಬಳ್ಳಾಪುರದ ನೇಯ್ಗೆ ಮನೆಗಳನ್ನು ನೋಡಿ. ಮಗ್ಗ ಓಡಿದರೆ ದುಡ್ಡು, ಸೀರೆಗೆ ಆರ್ಡರ್ ನಿಂತರೆ ಎರಡು ತಿಂಗಳು ಮಗ್ಗದ ಸದ್ದೇ ಇರುವುದಿಲ್ಲ. ಅಂಥವರಿಗೆ 18 ಸಾವಿರದ ಕಂತಿಗಿಂತ 16 ಸಾವಿರದ ಕಂತು ನಿಜಕ್ಕೂ ಆಸರೆ. ಒಂದು ಕಂತು ತಪ್ಪಿದರೆ ದಂಡದ ಜೊತೆಗೆ ಸಿಬಿಲ್ ಸ್ಕೋರಿಗೂ ಪೆಟ್ಟು. ವರ್ಷ ಇಳಿಸಿಕೊಂಡ ಮೇಲೆ, ಈಗ ಕಷ್ಟ ಬಂದಿದೆ, ಮತ್ತೆ ವರ್ಷ ಹೆಚ್ಚಿಸಿ ಕಂತು ಇಳಿಸಿ ಎಂದು ಕೇಳಿದರೆ ಬ್ಯಾಂಕು ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿದರೂ ಸಾಲವನ್ನು ಪುನರ್‌ರಚನೆ ಮಾಡಿದ್ದು ಎಂದು ಬರೆದುಕೊಳ್ಳುವ ಸಾಧ್ಯತೆ ಇದೆ, ಮುಂದೆ ಬೇರೆ ಸಾಲ ಕೇಳುವಾಗ ಅದು ಅಡ್ಡ ಬರುತ್ತೆ.

ಇಂಥ ಮನೆಗಳಿಗೆ ನಾನು ಹೇಳುವುದು ನಡುವಿನ ದಾರಿ. ಕಂತು ಇಳಿಸಿಕೊಳ್ಳಿ. ಆದರೆ ಉಳಿಯುವ 1,918ನ್ನು ಒಂದು ಆರ್‌ಡಿ ಖಾತೆಗೆ ಹಾಕುತ್ತಾ ಬನ್ನಿ. ಮಗ್ಗ ನಿಂತ ತಿಂಗಳು ಹಾಕಬೇಡಿ, ಪರವಾಗಿಲ್ಲ. ವರ್ಷಕ್ಕೊಮ್ಮೆ ಅಲ್ಲಿ ಸೇರಿದ ಇಪ್ಪತ್ತು ಇಪ್ಪತ್ಮೂರು ಸಾವಿರವನ್ನು ಮತ್ತೆ ಪಾರ್ಟ್ ಪೇಮೆಂಟ್ ಆಗಿ ಕಟ್ಟಿ, ಆಗ ಮಾತ್ರ ವರ್ಷ ಇಳಿಸಿ ಎಂದು ಬರೆದುಕೊಡಿ. ತಪ್ಪದೆ ಮಾಡಿದರೆ ಸಾಲ ತೀರುವ ಹೊತ್ತು ಮೊದಲ ದಾರಿಯ ಹತ್ತಿರಕ್ಕೇ ಬರುತ್ತೆ, ಕಷ್ಟದ ತಿಂಗಳಲ್ಲಿ ಕುತ್ತಿಗೆಗೆ ಹಗ್ಗವೂ ಇರುವುದಿಲ್ಲ. ಒಂದೇ ಎಚ್ಚರ: ಪಾರ್ಟ್ ಪೇಮೆಂಟ್ ಎರಡು ಮೂರು ಕಂತಿನಷ್ಟಾದರೂ ಇರಬೇಕು ಎಂಬ ನಿಯಮ ಕೆಲವು ಸಂಸ್ಥೆಗಳಲ್ಲಿದೆ. ಮೊದಲೇ ಕೇಳಿಕೊಳ್ಳಿ.

ಹಾಗಾದರೆ ಆಫೀಸಿನವರು ಕೇಳದೆಯೇ ಕಂತು ಇಳಿಸುವುದು ಯಾಕೆ? ಕೆಲವು ಕಡೆ ಕಂಪ್ಯೂಟರಿನಲ್ಲಿ ಹಾಗೆ ಸೆಟ್ ಆಗಿರುತ್ತೆ, ಬದಲಾಯಿಸಲು ಇನ್ನೊಂದು ಪರದೆ ತೆರೆಯಬೇಕು, ಯಾರೂ ತೆರೆಯುವುದಿಲ್ಲ. ಗ್ರಾಹಕರಿಗೂ ಕಂತು ಇಳಿದಿದ್ದು ತಕ್ಷಣ ಕಣ್ಣಿಗೆ ಕಾಣುತ್ತೆ, ಖುಷಿಯಾಗಿ ಹೋಗುತ್ತಾರೆ, ಪ್ರಶ್ನೆ ಬರುವುದಿಲ್ಲ. ಜೊತೆಗೆ ಸಾಲ ಹೆಚ್ಚು ವರ್ಷ ಓಡಿದಷ್ಟೂ ಕೊಟ್ಟವರಿಗೆ ಬಡ್ಡಿ ಹೆಚ್ಚು. ಇದರಲ್ಲಿ ಯಾವುದು ಎಷ್ಟು ಎಂದು ಹೊರಗೆ ನಿಂತವರು ಅಳೆಯಲಾಗದು. ಆದರೆ ಮೂರೂ ಸೇರಿ ಭಾರ ಬೀಳುವುದು ಒಂದೇ ಕಡೆ, ಸಾಲಗಾರರ ಮೇಲೆ. ಸುಮ್ಮನಿದ್ದರೆ ತನಗೆ ಲಾಭ ಎಂದು ಗೊತ್ತಿರುವವರು ಸುಮ್ಮನಿರುವುದನ್ನು ನಾನು ಮರೆವು ಎಂದು ಕರೆಯಲಾರೆ.

ಸರ್ಕಾರವೂ ಹಿಂದೆ ಹೀಗೇ ಮಾಡಿದೆ, ಸ್ವಲ್ಪ ಪಕ್ಕಕ್ಕೆ ಹೋಗಿ ಹೇಳುತ್ತೇನೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ 2022ರವರೆಗೆ ಬಡ್ಡಿ ಸಬ್ಸಿಡಿ ಇತ್ತಲ್ಲ, ಗರಿಷ್ಠ 2 ಲಕ್ಷ 67 ಸಾವಿರ, ಅದನ್ನು ಫಲಾನುಭವಿಯ ಕೈಗೆ ಕೊಡದೆ ನೇರ ಸಾಲದ ಖಾತೆಗೆ ಜಮಾ ಮಾಡುತ್ತಿದ್ದರು. ಅದೂ ಒಂದು ಪಾರ್ಟ್ ಪೇಮೆಂಟೇ. ಅಸಲು ಇಳಿದು ಕಂತೂ ಇಳಿಯುತ್ತೆ ಎಂದು ಯೋಜನೆಯ ನಿಯಮದಲ್ಲೇ ಹೇಳಿತ್ತು. ಬಡವರಿಗೆ ತಿಂಗಳ ಭಾರ ಇಳಿಸುವುದು ಅದರ ಉದ್ದೇಶ, ಒಪ್ಪೋಣ. ಆದರೆ ಪಾರ್ಟ್ ಪೇಮೆಂಟ್ ಅಂದರೆ ಕಂತು ಇಳಿಯುವುದು ಎಂಬ ನಂಬಿಕೆ ಗಟ್ಟಿಯಾಗಲು ಅದೂ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ.

ಕಂತು ಇಳಿಸುವುದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ದುಡ್ಡನ್ನು ಅಸಲಿಗೆ ಹಾಕುವುದೇ ಇಲ್ಲ. ನೀವು ಕಟ್ಟಿದ 2 ಲಕ್ಷ ಸಾಲದ ಖಾತೆಯಲ್ಲಿ ಮುಂಗಡ ಕಂತು ಎಂದೋ ಹೆಚ್ಚುವರಿ ಮೊತ್ತ ಎಂದೋ ಕೂತಿರುತ್ತೆ. ತಿಂಗಳು ತಿಂಗಳು ಅದರಿಂದಲೇ ಕಂತು ಮುರಿದುಕೊಳ್ಳುತ್ತಾರೆ. ಹನ್ನೊಂದು ತಿಂಗಳಿಗೆ ಖಾಲಿ. ಪ್ರತಿ ದಿನದ ಬಾಕಿ ಮೇಲೆ ಬಡ್ಡಿ ಹಾಕುವ ಬ್ಯಾಂಕಾದರೆ ಅಷ್ಟು ದಿನದ ಬಡ್ಡಿಯಾದರೂ ಸ್ವಲ್ಪ ಉಳಿಯುತ್ತೆ. ತಿಂಗಳ ಲೆಕ್ಕದಲ್ಲಿ ಬಡ್ಡಿ ಹಾಕಿ ಮುಂಗಡವನ್ನು ಬೇರೆಯೇ ಇಡುವ ಕಡೆ ಅದೂ ಇಲ್ಲ. ನಿಮ್ಮ ಖಾತೆಯಲ್ಲಿ ಹೀಗಾಗಿದೆಯೋ ಇಲ್ಲವೋ ತಿಳಿಯಲು ಒಂದೇ ಅಂಕಿ ನೋಡಿದರೆ ಸಾಕು. ಸ್ಟೇಟ್‌ಮೆಂಟಿನಲ್ಲಿ ಬಾಕಿ ಅಸಲು ಎಂಬ ಸಾಲು ಇರುತ್ತೆ. ಪಾರ್ಟ್ ಪೇಮೆಂಟ್ ಕಟ್ಟಿದ ಹಿಂದಿನ ದಿನ 18,77,000 ಇದ್ದದ್ದು ಮರುದಿನ 16,77,000 ಆಗಿರಬೇಕು. ಹಾಗಾಗದೆ, ಕಂತಿಗೆ ನಿಮ್ಮ ಖಾತೆಯಿಂದ ದುಡ್ಡು ಕಟ್ ಆಗುವುದೂ ನಿಂತಿದ್ದರೆ, ನಿಮ್ಮ ದುಡ್ಡು ಅಸಲಿಗೆ ಹೋಗಿಲ್ಲ.

ಇನ್ನು ಚಾರ್ಜಿನ ಮಾತು. ಮುಂಚಿತವಾಗಿ ಕಟ್ಟಿದರೆ ಶೇಕಡಾ 2 ದಂಡ, ಅದರ ಮೇಲೆ ಜಿಎಸ್‌ಟಿ ಎಂದು ಹೆದರಿಸಿ ಕಳಿಸಿದ ಕಥೆಗಳನ್ನು ಹೊಸಕೋಟೆ ಕಡೆಯೂ ಕೇಳಿದ್ದೇನೆ, ದೇವನಹಳ್ಳಿ ಕಡೆಯೂ ಕೇಳಿದ್ದೇನೆ. ಏರಿಳಿಯುವ ಬಡ್ಡಿಯ ಮನೆ ಸಾಲಕ್ಕೆ, ಅಂದರೆ ಫ್ಲೋಟಿಂಗ್ ಬಡ್ಡಿಯ ಸಾಲಕ್ಕೆ, ಬ್ಯಾಂಕುಗಳು ವ್ಯಕ್ತಿಗಳಿಂದ ಇಂಥ ದಂಡ ವಸೂಲಿ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2012ರಲ್ಲಿ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ನ್ಯಾಷನಲ್ ಹೌಸಿಂಗ್ ಬ್ಯಾಂಕ್ ಅದಕ್ಕೂ ಮುಂಚೆ, 2011ರಲ್ಲೇ ಹೇಳಿತ್ತು. 2025ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲವನ್ನೂ ಒಟ್ಟು ಮಾಡಿ ಹೊಸ ನಿರ್ದೇಶನ ಹೊರಡಿಸಿತು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಣವಾದ ಸಾಲಗಳಿಗೆ ಅದು ಅನ್ವಯ. ವ್ಯಾಪಾರಕ್ಕಲ್ಲದ ಫ್ಲೋಟಿಂಗ್ ಸಾಲವನ್ನು ವ್ಯಕ್ತಿಗಳು ಭಾಗಶಃ ಕಟ್ಟಲಿ, ಪೂರ್ತಿ ಕಟ್ಟಲಿ, ದುಡ್ಡು ಎಲ್ಲಿಂದಾದರೂ ತಂದಿರಲಿ, ದಂಡ ಹಾಕುವಂತಿಲ್ಲ. ಇಷ್ಟು ತಿಂಗಳು ಆಗುವವರೆಗೆ ಕಟ್ಟಬಾರದು ಎಂಬ ಷರತ್ತೂ ಇಡುವಂತಿಲ್ಲ.

ನಮ್ಮ ಕಡೆ ಎಡವುವುದು ಎರಡು ಜಾಗದಲ್ಲಿ. ಒಂದು, ಸಾಲ ಫಿಕ್ಸೆಡ್ ಬಡ್ಡಿಯದಾಗಿದ್ದರೆ ಚಾರ್ಜ್ ಇರಬಹುದು, ಮಂಜೂರಾತಿ ಪತ್ರ ನೋಡಬೇಕು. ಇನ್ನೊಂದು, ಮನೆ ಕಟ್ಟಲು ತಗೊಂಡ ಸಾಲವೇ ಕಾಗದದಲ್ಲಿ ಬೇರೆ ಹೆಸರಿನಲ್ಲಿರುವುದು. ಮನೆಯ ಹಿಂಭಾಗದಲ್ಲಿ ಮಗ್ಗದ ಶೆಡ್ ಇದೆ, ಮುಂದೆ ಅಂಗಡಿ ಇದೆ ಎಂದು ವ್ಯಾಪಾರದ ಉದ್ದೇಶ ಅಂತ ಬರೆದಿರುತ್ತಾರೆ. ಹಾಗೆ ಬರೆದ ಹಳೆಯ ಸಾಲಗಳಿಗೆ ಚಾರ್ಜ್ ಹಾಕಲು ಅವರಿಗೆ ಆಸ್ಪದ ಸಿಗುತ್ತೆ. ಆದ್ದರಿಂದ ಹೊಸದಾಗಿ ಸಾಲ ಮಾಡುವವರು ಸಹಿ ಹಾಕುವ ಮುಂಚೆ ಉದ್ದೇಶದ ಕಾಲಂ ಓದಿ. ಸಾಲದ ಮುಖ್ಯ ಅಂಶಗಳ ಪತ್ರ, ಕೆಎಫ್‌ಎಸ್ ಎಂದು ಕರೆಯುವುದು, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬ ನಿಯಮವಿದೆ. ಕನ್ನಡದಲ್ಲಿ ಕೊಡಿ ಎಂದು ಕೇಳುವುದು ಉಪಕಾರ ಬೇಡಿದ ಹಾಗಲ್ಲ.

ಪಾರ್ಟ್ ಪೇಮೆಂಟ್ ಯಾವಾಗ ಕಟ್ಟಬೇಕು ಎಂಬುದಕ್ಕೆ ಅದೇ ಅಣ್ಣನ ಸಾಲದಲ್ಲಿ ಇನ್ನೊಂದು ಲೆಕ್ಕ ಮಾಡಿ ನೋಡಿದೆ. ಮೂರು ವರ್ಷಕ್ಕೆ ಕಟ್ಟಿದ 2 ಲಕ್ಷವನ್ನು ಹದಿನೈದು ವರ್ಷ ಆದ ಮೇಲೆ ಕಟ್ಟಿದ್ದರೆ? ಆಗ ಬಾಕಿ ಸುಮಾರು 8 ಲಕ್ಷ 67 ಸಾವಿರ, ಉಳಿದಿದ್ದು 60 ಕಂತು. ವರ್ಷ ಇಳಿಸಿದರೂ 16 ಕಂತು ಮಾತ್ರ ಕಮ್ಮಿಯಾಗುತ್ತೆ, ಉಳಿಯುವ ಬಡ್ಡಿ 95 ಸಾವಿರದ ಆಸುಪಾಸು. ಆರು ಪಾಲಿನಲ್ಲಿ ಒಂದು ಪಾಲು. ಬೇಗ ಕಟ್ಟಿದ ರೂಪಾಯಿ ಹೆಚ್ಚು ವರ್ಷದ ಬಡ್ಡಿಯನ್ನು ತಡೆಯುತ್ತೆ, ಅಷ್ಟೇ ವಿಷಯ. ಸಾಲದ ಕೊನೆ ವರ್ಷಗಳಲ್ಲಿರುವವರು ಕಂತು ಇಳಿಸಬೇಕೋ ವರ್ಷ ಇಳಿಸಬೇಕೋ ಎಂದು ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಏಳೆಂಟು ವರ್ಷದಲ್ಲಿರುವವರು ಕೆಡಿಸಿಕೊಳ್ಳಲೇಬೇಕು.

ಇದನ್ನು ಓದಿ ನಾಳೆಯೇ ಬ್ಯಾಂಕಿಗೆ ಓಡುವವರು ಒಂದು ನಿಮಿಷ ನಿಲ್ಲಿ. ಮನೆಯಲ್ಲಿ ಬೇರೆ ಸಾಲ ಇದೆಯಾ? ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ ಅಂದರೆ ವರ್ಷಕ್ಕೆ ಶೇಕಡಾ 24. ಮೂರು ರೂಪಾಯಿ ಅಂದರೆ 36. ಸಂಘದ ಮೈಕ್ರೋಫೈನಾನ್ಸ್ ಸಾಲವೂ ಬಹಳ ಕಡೆ ಶೇಕಡಾ 20 ದಾಟಿರುತ್ತೆ. ಅವನ್ನು ಹಾಗೇ ಬಿಟ್ಟು ಶೇಕಡಾ 9ರ ಮನೆ ಸಾಲ ಮುಂಚಿತವಾಗಿ ತೀರಿಸುವುದು ಅಂದರೆ ದೊಡ್ಡ ತೂತು ಬಿಟ್ಟು ಸಣ್ಣ ತೂತು ಮುಚ್ಚಿದಂತೆ. ಒಡವೆ ಅಡವಿಟ್ಟು ಮನೆ ಸಾಲಕ್ಕೆ ಪಾರ್ಟ್ ಪೇಮೆಂಟ್ ಕಟ್ಟಿದ ಒಬ್ಬರನ್ನು ಕಂಡಿದ್ದೇನೆ, ಒಡವೆ ಸಾಲದ ಬಡ್ಡಿ ಮನೆ ಸಾಲಕ್ಕಿಂತ ಹೆಚ್ಚಿತ್ತು. ಕಟ್ಟಿದ ದುಡ್ಡು ಮತ್ತೆ ಕೈಗೆ ಬರುವುದಿಲ್ಲ ಎಂಬುದೂ ನೆನಪಿರಲಿ. ಆಸ್ಪತ್ರೆಗೆಂದು ಮೂರು ನಾಲ್ಕು ತಿಂಗಳ ಖರ್ಚನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮಾತ್ರ ಕಟ್ಟಿ. ಎಲ್ಲವನ್ನೂ ಸಾಲಕ್ಕೆ ಸುರಿದು ಮರು ತಿಂಗಳು ಮೂರು ರೂಪಾಯಿ ಬಡ್ಡಿಗೆ ಕೈಚಾಚಿದರೆ ಲಾಭವೆಲ್ಲ ಅಲ್ಲೇ ಕರಗುತ್ತೆ.

ಸಾಲ ತೀರಿಸಬೇಡಿ, ಆ ದುಡ್ಡನ್ನು ಮ್ಯೂಚುವಲ್ ಫಂಡಿಗೆ ಹಾಕಿ, 12 ಪರ್ಸೆಂಟ್ ಬರುತ್ತೆ ಎನ್ನುವ ಸಲಹೆಗಾರರೂ ಊರೂರಿಗೆ ಬಂದಿದ್ದಾರೆ. ಬರಬಹುದು, ಬಾರದೆಯೂ ಇರಬಹುದು. ಸಾಲಕ್ಕೆ ಕಟ್ಟಿದ ರೂಪಾಯಿಗೆ ಶೇಕಡಾ 9 ಉಳಿಯುವುದು ಖಚಿತ. ಆದಾಯ ತೆರಿಗೆ ವಿನಾಯಿತಿ ತಪ್ಪಿಹೋಗುತ್ತೆ ಎನ್ನುವವರಿಗೆ ಒಂದು ಮಾತು: ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವಿನಾಯಿತಿಯೇ ಇಲ್ಲ. ತೆರಿಗೆಯನ್ನೇ ಕಟ್ಟದ ಮನೆಗೆ ಈ ಮಾತೇ ಅನ್ವಯಿಸುವುದಿಲ್ಲ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹೋಗುವ ಮುಂಚೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಬಾಕಿ ಅಸಲು, ಈಗಿನ ಬಡ್ಡಿ, ಉಳಿದ ಕಂತು, ಈ ಮೂರನ್ನು ಬರೆದುಕೊಳ್ಳಿ. ದುಡ್ಡನ್ನು ಚೆಕ್ಕಿನಲ್ಲೋ ಖಾತೆಯಿಂದ ಖಾತೆಗೋ ಕಟ್ಟಿ, ವಸೂಲಿಗೆ ಬರುವ ಹುಡುಗರ ಕೈಗೆ ನಗದು ಕೊಡಬೇಡಿ. ತಿಂಗಳ ಲೆಕ್ಕದಲ್ಲಿ ಬಡ್ಡಿ ಹಾಕುವ ಕಂಪನಿಯಾದರೆ ಯಾವ ತಾರೀಖಿನ ಒಳಗೆ ಕಟ್ಟಿದರೆ ಈ ತಿಂಗಳಿಗೇ ಲೆಕ್ಕ ಎಂದು ಕೇಳಿ, ಒಂದು ದಿನ ತಡವಾದರೆ ತಿಂಗಳ ಲಾಭ ಹೋಗುತ್ತೆ. ಮತ್ತು ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಬರೆದುಕೊಡಿ. ಇಷ್ಟು ಸಾಕು:

"ನನ್ನ ಗೃಹಸಾಲ ಖಾತೆಗೆ (ಸಂಖ್ಯೆ ______) ಇಂದು ರೂ. 2,00,000 ಕಟ್ಟುತ್ತಿದ್ದೇನೆ. ಇದನ್ನು ಮುಂದಿನ ಕಂತುಗಳಿಗೆ ಮುಂಗಡವಾಗಿ ಇಟ್ಟುಕೊಳ್ಳದೆ ಪೂರ್ತಿಯಾಗಿ ಅಸಲಿಗೆ ಜಮಾ ಮಾಡಬೇಕು. ತಿಂಗಳ ಕಂತು ಈಗಿರುವ ರೂ. 17,995 ಆಗಿಯೇ ಇರಲಿ, ಸಾಲದ ಅವಧಿಯನ್ನು ಕಡಿಮೆ ಮಾಡಬೇಕು. ಹೊಸ ಮರುಪಾವತಿ ಪಟ್ಟಿಯನ್ನು ಕೊಡಬೇಕು."

ಕಂತು ಇಳಿಸಬೇಕು ಅನ್ನುವವರು ಮೂರನೇ ವಾಕ್ಯ ಬದಲಿಸಿಕೊಳ್ಳಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ನೆಲಮಂಗಲದ ಅಣ್ಣ ಎರಡನೇ ಸಲ ಹೋಗಿದ್ದು ಇಂಥದ್ದೇ ಒಂದು ಪತ್ರ ಹಿಡಿದುಕೊಂಡು. ಮೊದಲು, ಸಿಸ್ಟಮ್‌ನಲ್ಲಿ ಆಗಲ್ಲ ಅಂದರಂತೆ. ಹಾಗಂತ ಇದರ ಮೇಲೆ ಬರೆದು ಸಹಿ ಮಾಡಿ ಕೊಡಿ ಸಾರ್ ಅಂದಾಗ, ವಾರ ಬಿಟ್ಟು ಬನ್ನಿ ಅಂದರು. ಎಂಟು ದಿನಕ್ಕೆ ಹೊಸ ಪಟ್ಟಿ ಬಂತು. ಕಂತು 17,995, ಉಳಿದಿದ್ದು 161.

ಕೊಡಲು ಒಪ್ಪದಿದ್ದರೆ, ಅಥವಾ ಇಲ್ಲದ ಚಾರ್ಜ್ ಹಾಕಿದರೆ, ಮೊದಲು ಅದೇ ಸಂಸ್ಥೆಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರನ್ನು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹಾಕಬಹುದು, ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಗಳ ಮೇಲಿನ ದೂರಿಗೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿನದೇ ಬೇರೆ ವ್ಯವಸ್ಥೆ ಇದೆ. ಸೀಲು ಹಾಕಿಸಿದ ಆ ಪ್ರತಿ ಬೇಕಾಗುವುದು ಇಲ್ಲಿಯೇ.

ಆದರೆ ಪ್ರತಿಯೊಬ್ಬರೂ ಪತ್ರ ಹಿಡಿದು ಎರಡು ಸಲ ಅಲೆಯಬೇಕು ಎಂಬುದೇ ಸರಿಯಲ್ಲ. 2022ರ ಮೇಯಿಂದ 2023ರ ಫೆಬ್ರವರಿವರೆಗೆ ರೆಪೊ ದರ 4ರಿಂದ 6.5ಕ್ಕೆ ಏರಿದಾಗ ಬಹಳ ಸಾಲಗಾರರ ಕಂತು ಹಾಗೇ ಇದ್ದು, ವರ್ಷ ಮಾತ್ರ ಅವರಿಗೆ ಹೇಳದೆಯೇ ಬೆಳೆದುಬಿಟ್ಟಿತ್ತು. ಆ ದೂರುಗಳಾದ ಮೇಲೆ 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಬಡ್ಡಿ ದರ ಬದಲಾದಾಗ ಕಂತು ಹೆಚ್ಚಿಸಬೇಕೋ ವರ್ಷ ಹೆಚ್ಚಿಸಬೇಕೋ ಎಂಬ ಆಯ್ಕೆ ಸಾಲಗಾರರಿಗೆ ಸಿಗಬೇಕು, ಯಾವಾಗ ಬೇಕಾದರೂ ಭಾಗಶಃ ಅಥವಾ ಪೂರ್ತಿ ಕಟ್ಟಲು ಅವಕಾಶ ಇರಬೇಕು, ಮೂರು ತಿಂಗಳಿಗೊಮ್ಮೆ ಎಷ್ಟು ಅಸಲು ಎಷ್ಟು ಬಡ್ಡಿ ಕಟ್ಟಿದ್ದಾರೆ, ಎಷ್ಟು ಕಂತು ಉಳಿದಿದೆ ಎಂಬ ಸ್ಟೇಟ್‌ಮೆಂಟ್ ಕೊಡಬೇಕು ಎಂದು ಅದರಲ್ಲಿದೆ. ಬಡ್ಡಿ ಬದಲಾದಾಗ ಕೇಳಬೇಕು ಎಂದಾದರೆ, ಸಾಲಗಾರರು ತಾವಾಗಿಯೇ 2 ಲಕ್ಷ ತಂದು ಮೇಜಿನ ಮೇಲಿಟ್ಟಾಗ ಅದೇ ಪ್ರಶ್ನೆ ಯಾಕೆ ಕೇಳಬಾರದು? ಪಾರ್ಟ್ ಪೇಮೆಂಟ್ ರಸೀದಿಯ ಕೆಳಗೆ ಕನ್ನಡದಲ್ಲಿ ಎರಡು ಚೌಕ ಸಾಕು. ಒಂದರ ಮುಂದೆ "ಕಂತು ಇಳಿಸಿ, ಹೊಸ ಕಂತು ಇಷ್ಟು, ಸಾಲ ತೀರುವುದು ಈ ತಿಂಗಳು." ಇನ್ನೊಂದರ ಮುಂದೆ "ವರ್ಷ ಇಳಿಸಿ, ಕಂತು ಅಷ್ಟೇ, ಸಾಲ ತೀರುವುದು ಈ ತಿಂಗಳು." ಎರಡರ ಪಕ್ಕದಲ್ಲೂ ಒಟ್ಟು ಎಷ್ಟು ಬಡ್ಡಿ ಉಳಿಯುತ್ತೆ ಎಂಬ ಅಂಕಿ. ಟಿಕ್ ಹಾಕುವುದು ಸಾಲಗಾರರು, ಸಹಿ ಹಾಕುವುದು ಸಾಲಗಾರರು.

ಇಂಥ ಅರ್ಜಿ ಮುದ್ರಿಸಲು ರಿಸರ್ವ್ ಬ್ಯಾಂಕಿನ ಆದೇಶಕ್ಕೇ ಕಾಯಬೇಕಿಲ್ಲ. ಜಿಲ್ಲೆಯ ಬ್ಯಾಂಕುಗಳನ್ನು ಒಟ್ಟಿಗೆ ಕೂರಿಸುವ ಸಮಿತಿ ಇದೆ, ಲೀಡ್ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಬೆಳೆ ಸಾಲದ ಗುರಿ, ಮುದ್ರಾ ಸಾಲದ ಗುರಿ ಎಷ್ಟು ಮುಟ್ಟಿತು ಎಂಬ ಪಟ್ಟಿ ಅಲ್ಲಿ ಓದಲಾಗುತ್ತೆ, ಪತ್ರಿಕೆಗೆ ನಾನೇ ವರದಿ ಬರೆದು ಕಳಿಸಿದ್ದೇನೆ. ಕೊಟ್ಟ ಸಾಲದ ಲೆಕ್ಕದ ಜೊತೆ, ಪಾರ್ಟ್ ಪೇಮೆಂಟ್ ಕಟ್ಟಿದವರಲ್ಲಿ ಎಷ್ಟು ಜನರನ್ನು ಕೇಳಿ ಕಂತು ಇಳಿಸಿದಿರಿ ಎಂಬ ಒಂದು ಪ್ರಶ್ನೆಯನ್ನು ಮುಂದಿನ ಸಭೆಯಲ್ಲಿ ಯಾರಾದರೂ ಎತ್ತಲಿ. ಶಾಸಕರು ಎತ್ತಲಿ, ಜಿಲ್ಲಾ ಪಂಚಾಯಿತಿ ಅಧಿಕಾರಿಗಳು ಎತ್ತಲಿ. ಅಷ್ಟರೊಳಗೆ ನಿಮ್ಮ ಮನೆಯ ಸಾಲದ ಸ್ಟೇಟ್‌ಮೆಂಟ್ ತೆಗೆದು, ಕಳೆದ ಸಲ ಪಾರ್ಟ್ ಪೇಮೆಂಟ್ ಕಟ್ಟಿದ ತಿಂಗಳ ಹಿಂದೆ ಮುಂದೆ ಉಳಿದ ಕಂತು ಎಷ್ಟಿತ್ತು ಎಂದು ನೋಡಿ. ಬದಲಾಗಿಲ್ಲದಿದ್ದರೆ, ಈಗಲೂ ಹೋಗಿ ಬರೆದುಕೊಡಬಹುದು.